ಪ್ಯಾರಿಟಿ ಇದ್ರೂ ಸಿಆರ್‌ಸಿ ಯಾಕೆ ಬೇಕು? ಒಂದು ಪುಟ್ಟ ಭಾಗಾಕಾರ ಮಾಡೇ ನೋಡೋಣ

ಪ್ರಶ್ನೆ: ಸರ್, ನಾನು ಪ್ಯಾನೆಲ್ ವೈರಿಂಗ್ ಕೆಲಸದಿಂದ ಈಗ ಎನರ್ಜಿ ಮೀಟರ್ ರೀಡಿಂಗ್ ತಗೊಳ್ಳೋ ಕಡೆ ಬಂದಿದೀನಿ, ಆರ್‌ಎಸ್-485 ಲೈನ್ ಮೇಲೆ ಮಾಡ್‌ಬಸ್ ಆರ್‌ಟಿಯು. ಮೀಟರ್ ಸೆಟ್ಟಿಂಗ್ ಅಲ್ಲಿ ಈವನ್ ಪ್ಯಾರಿಟಿ ಅಂತ ಇದೆ, ಅದರ ಮೇಲೆ ಪ್ರತಿ ಮೆಸೇಜ್ ಕೊನೆಗೆ ಸಿಆರ್‌ಸಿ ಬೇರೆ ಇದೆ. ಎರಡೂ ತಪ್ಪು ಹಿಡಿಯೋಕೇ ಆದ್ರೆ ಎರಡು ಯಾಕೆ? ಡಿಪ್ಲೊಮಾದಲ್ಲಿ ಸಿಆರ್‌ಸಿ ಭಾಗಾಕಾರ ಬಾಯಿಪಾಠ ಮಾಡಿದ್ದೆ, ಅದು ಯಾಕೆ ಕೆಲಸ ಮಾಡತ್ತೆ ಅಂತ ಇವತ್ತಿಗೂ ಗೊತ್ತಿಲ್ಲ. ಪ್ಯಾರಿಟಿ ಆಫ್ ಮಾಡಿದ್ರೆ ಏನಾದ್ರೂ ತೊಂದ್ರೆನಾ?

ಉತ್ತರ:

ನಿಮ್ಮ ಮೀಟರ್‌ನಿಂದಲೇ ಶುರು ಮಾಡೋಣ. ಒಂದು ಫೇಸಿನ ವೋಲ್ಟೇಜ್ 230.1 ಇದೆ ಅಂದ್ಕೊಳ್ಳಿ, ತುಂಬಾ ಮೀಟರ್‌ಗಳು ಇದನ್ನ ಹತ್ತರಿಂದ ಗುಣಿಸಿ 2301 ಅಂತ ಕಳಿಸ್ತವೆ, ಹೆಕ್ಸ್‌ನಲ್ಲಿ ಅದು `08 FD`. ಅಂದ್ರೆ ಲೈನ್ ಮೇಲೆ ಎರಡು ಬೈಟ್ ಹೋಗತ್ತೆ. ಮೊದಲನೇ ಬೈಟ್ `08` ಬೈನರಿಯಲ್ಲಿ 00001000, ಅದರಲ್ಲಿ ಇರೋದು ಒಂದೇ ಒಂದು 1. ಈವನ್ ಪ್ಯಾರಿಟಿ ಅಂದ್ರೆ ಒಟ್ಟು 1ಗಳ ಸಂಖ್ಯೆ ಸಮ ಆಗ್ಬೇಕು, ಅದಕ್ಕೆ ಮೀಟರ್ ಪ್ಯಾರಿಟಿ ಬಿಟ್ ಅನ್ನ 1 ಮಾಡಿ ಕಳಿಸತ್ತೆ. ಈಗ ಪಕ್ಕದಲ್ಲೇ ಇರೋ ವಿಎಫ್‌ಡಿ ಸ್ವಿಚ್ ಆಗಿ ಆ ಬೈಟ್‌ನ ಅಕ್ಕಪಕ್ಕದ ಎರಡು ಬಿಟ್ ತಿರುಗಿ ಹೋಯ್ತು, 00001000 ಹೋಗಿ 00010000 ಆಯ್ತು. ಈಗಲೂ ಒಂದೇ 1 ಇದೆ! ರಿಸೀವರ್ ಎಣಿಸಿ ನೋಡಿದ್ರೆ ಪ್ಯಾರಿಟಿ ಸರಿಯಾಗೇ ಇದೆ. ಆದ್ರೆ `08 FD` ಈಗ `10 FD` ಆಗಿದೆ, ದಶಮಾನದಲ್ಲಿ 4349, ಅಂದ್ರೆ 434.9 ವೋಲ್ಟ್. ನಿಮ್ಮ ಸಾಫ್ಟ್‌ವೇರ್ ಓವರ್ ವೋಲ್ಟೇಜ್ ಅಲಾರ್ಮ್ ಹೊಡೆಯತ್ತೆ, ಸೈಟಲ್ಲಿ ವೋಲ್ಟೇಜ್ ಮಾತ್ರ ಆರಾಮಾಗಿ 230 ಇದೆ.

ಪ್ಯಾರಿಟಿಯ ಮಿತಿ ಪೂರ್ತಿ ಇಷ್ಟೇ. ಒಂದು ಬಿಟ್ ತಿರುಗಿದ್ರೆ ಹಿಡಿಯತ್ತೆ, ಮೂರು ತಿರುಗಿದ್ರೂ ಹಿಡಿಯತ್ತೆ, ಎರಡು ಅಥವಾ ನಾಲ್ಕು ತಿರುಗಿದ್ರೆ ಅದಕ್ಕೆ ಏನೂ ಕಾಣಲ್ಲ. ಮತ್ತೆ ಲೈನ್ ಮೇಲೆ ನಾಯ್ಸ್ ಅನ್ನೋದು ಒಂದೇ ಬಿಟ್ ಆರಿಸ್ಕೊಂಡು ಹೊಡೆಯಲ್ಲ ನೋಡಿ. 9600 ಬಾಡ್‌ನಲ್ಲಿ ಒಂದು ಬಿಟ್ ಇರೋದು ಸುಮಾರು 104 ಮೈಕ್ರೋಸೆಕೆಂಡ್, ಕಾಂಟ್ಯಾಕ್ಟರ್ ಬಿಟ್ಟಾಗ ಒಂದು ಮಿಲಿಸೆಕೆಂಡ್ ಗಲಾಟೆ ಆದ್ರೂ ಒಂಬತ್ತು ಹತ್ತು ಬಿಟ್ ಸಾಲಾಗಿ ಕೆಡತ್ತೆ. ಹಾಗೆ ಪೂರ್ತಿ ಕಲಸಿ ಹೋದ ಬೈಟ್‌ನಲ್ಲಿ 1ಗಳ ಸಂಖ್ಯೆ ಸಮನೋ ಬೆಸನೋ ಅನ್ನೋದು ನಾಣ್ಯ ಚಿಮ್ಮಿದ ಹಾಗೆ, ಅರ್ಧದಷ್ಟು ಸಲ ಪ್ಯಾರಿಟಿ ಅದನ್ನ ಒಳಗೆ ಬಿಟ್ಟುಬಿಡತ್ತೆ.

ಈಗ ಸಿಆರ್‌ಸಿಗೆ ಬರೋಣ. ಬೈನರಿ ಬಿಡಿ, ಮೊದಲು ಮಾಮೂಲಿ ಸಂಖ್ಯೆಯಲ್ಲಿ ಯೋಚನೆ ಮಾಡಿ. ನಾನು ನಿಮಗೆ 52 ಅಂತ ಕಳಿಸ್ಬೇಕು, ಭಾಜಕ 7 ಅಂತ ಇಬ್ಬರೂ ಮೊದಲೇ ಮಾತಾಡ್ಕೊಂಡಿದೀವಿ. ನಾನು 52ರ ಮುಂದೆ ಒಂದು ಸೊನ್ನೆ ಹಾಕಿ 520 ಮಾಡ್ತೀನಿ, 7ರಿಂದ ಭಾಗಿಸಿದ್ರೆ ಶೇಷ 2, ಹಾಗಾಗಿ ಇನ್ನೂ 5 ಸೇರಿಸಿದ್ರೆ ಸರಿಯಾಗಿ ಭಾಗ ಹೋಗತ್ತೆ, 525 ಅಂತ ಕಳಿಸ್ತೀನಿ. ನೀವು 525 ಅನ್ನ 7ರಿಂದ ಭಾಗಿಸ್ತೀರಿ, ಶೇಷ ಸೊನ್ನೆ ಬಂದ್ರೆ ಒಪ್ಕೊಂಡು ಕೊನೇ ಅಂಕಿ ತೆಗೆದು 52 ಓದ್ಕೊಳ್ತೀರಿ, ಶೇಷ ಏನಾದ್ರೂ ಉಳಿದ್ರೆ ದಾರಿಯಲ್ಲಿ ಕೆಟ್ಟಿದೆ ಅಂತ ಎಸೀತೀರಿ. ಸಿಆರ್‌ಸಿ ಅಂದ್ರೆ ಇದೇ, ಬೇರೇನೂ ಅಲ್ಲ, ಭಾಗಾಕಾರದಲ್ಲಿ ಕಳೆಯೋ ರೀತಿ ಮಾತ್ರ ಬೇರೆ.

ಕಳೆಯೋದು ಹೇಗೆ ಅಂದ್ರೆ ಎಕ್ಸಾರ್ ಮಾಡೋದು, ಎರಡು ಬಿಟ್ ಒಂದೇ ಆದ್ರೆ 0, ಬೇರೆ ಬೇರೆ ಆದ್ರೆ 1. ಸಾಲ ತಗೊಳ್ಳೋದಿಲ್ಲ, ಕೈಯಲ್ಲಿ ಇಟ್ಕೊಳ್ಳೋದಿಲ್ಲ. ಡಿಪ್ಲೊಮಾ ಕ್ಲಾಸಲ್ಲಿ ಇಲ್ಲೇ ತುಂಬಾ ಜನ ಗೊಂದಲ ಮಾಡ್ಕೊಳ್ಳೋದು, ಸಾಲ ಇಲ್ದೇ ಕಳೆಯೋದು ಎಲ್ಲಿಯ ಗಣಿತ ಅಂತ. ಅದಕ್ಕೆ ಕಾರಣ ಇದೆ. ನಮಗಿಲ್ಲಿ ಬೇಕಾಗಿರೋದು ಯಾವ ಬಿಟ್ ತಿರುಗಿದೆ ಅನ್ನೋ ವಿಷಯ, ಬಿಟ್ ತಿರುಗೋದು ಅಂದ್ರೇನೇ 1ರ ಜೊತೆ ಎಕ್ಸಾರ್ ಮಾಡೋದು. ಸಾಲ ಬಂದ್ರೆ ಒಂದು ಜಾಗದ ಬಿಟ್ ಪಕ್ಕದ ಜಾಗಗಳನ್ನೂ ಬದಲಾಯಿಸತ್ತೆ, ಆಮೇಲೆ ಯಾವ ತಪ್ಪನ್ನ ಹಿಡೀಬಹುದು ಅಂತ ಲೆಕ್ಕ ಹಾಕೋಕೇ ಕಷ್ಟ. ಸಾಲ ಇಲ್ಲದಿದ್ರೆ ಪ್ರತಿ ಬಿಟ್ ತನ್ನ ಪಾಡಿಗೆ ತಾನಿರತ್ತೆ, ಹಾರ್ಡ್‌ವೇರ್‌ನಲ್ಲೂ ಒಂದು ಶಿಫ್ಟ್ ರಿಜಿಸ್ಟರ್, ಒಂದೆರಡು ಎಕ್ಸಾರ್ ಗೇಟ್ ಸಾಕು. ಇನ್ನೊಂದು ಅನುಕೂಲ, ಎಕ್ಸಾರ್‌ನಲ್ಲಿ ಕೂಡೋದೂ ಕಳೆಯೋದೂ ಒಂದೇ ಆದ್ದರಿಂದ ಮೇಲೆ ಮಾಡಿದ ಹಾಗೆ 7ರಲ್ಲಿ 2 ಕಳೆದು 5 ಅಂತ ಹುಡುಕೋ ಕೆಲಸ ಇಲ್ಲ, ಬಂದ ಶೇಷವನ್ನೇ ಸೊನ್ನೆಗಳ ಜಾಗದಲ್ಲಿ ಕೂರಿಸಿದ್ರೆ ಆಯ್ತು.

ಮಾಡೇ ನೋಡೋಣ, ಪೇಪರ್ ತಗೊಳ್ಳಿ. ಡೇಟಾ 110101, ಭಾಜಕ 1011. ಭಾಜಕ ನಾಲ್ಕು ಬಿಟ್ ಇದೆ, ಹಾಗಾಗಿ ಶೇಷ ಮೂರು ಬಿಟ್ ಇರತ್ತೆ, ಡೇಟಾ ಮುಂದೆ ಮೂರು ಸೊನ್ನೆ ಹಾಕಿ 110101000 ಮಾಡ್ಕೊಳ್ಳಿ.

```
110101000
1011
----
 1100
 1011
 ----
  1111
  1011
  ----
   1000
   1011
   ----
    0110
    0000
    ----
     1100
     1011
     ----
      111
```

ಮೊದಲನೇ ನಾಲ್ಕು ಬಿಟ್ 1101, ಎಡಗಡೆ 1 ಇದೆ, ಹಾಗಾಗಿ ಭಾಜಕ ಹೋಗತ್ತೆ, ಎಕ್ಸಾರ್ ಮಾಡಿದ್ರೆ 0110. ಎಡಗಡೆಯ ಸೊನ್ನೆ ಬಿಟ್ಟು 110, ಮೇಲಿಂದ ಒಂದು ಬಿಟ್ ಇಳಿಸಿದ್ರೆ 1100. ಹೀಗೇ ಮುಂದೆ ಹೋಗಿ. ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಟ್ಕೊಳ್ಳಿ, ಭಾಜಕ ಹೋಗತ್ತಾ ಇಲ್ವಾ ಅನ್ನೋದಕ್ಕೆ ಯಾವುದು ದೊಡ್ಡದು ಅಂತ ನೋಡ್ಬೇಡಿ, ಎಡತುದಿಯ ಬಿಟ್ 1 ಇದ್ಯಾ ಅಂತ ಮಾತ್ರ ನೋಡಿ. ನಾಲ್ಕನೇ ಹೆಜ್ಜೆಯಲ್ಲಿ 1000 ಅನ್ನೋದು 1011ಕ್ಕಿಂತ ಚಿಕ್ಕದು, ಆದ್ರೂ ಹೋಗತ್ತೆ. ಪರೀಕ್ಷೆಯಲ್ಲಿ ಉತ್ತರ ತಪ್ಪಾಗೋದು ಹೆಚ್ಚಾಗಿ ಈ ಜಾಗದಲ್ಲೇ. ಐದನೇ ಹೆಜ್ಜೆಯಲ್ಲಿ 0110 ಬಂತು, ಎಡಗಡೆ 0, ಹಾಗಾಗಿ ಸೊನ್ನೆಗಳಿಂದ ಎಕ್ಸಾರ್ ಮಾಡಿ ಮುಂದಕ್ಕೆ. ಕೊನೆಗೆ ಉಳಿದಿದ್ದು 111. ಭಾಗಲಬ್ಧ ಎಷ್ಟು ಬಂತು ಅಂತ ಯಾರಿಗೂ ಬೇಡ, ಅದನ್ನ ಬಿಟ್ಟುಬಿಡಿ. ಕಳಿಸೋದು 110101ರ ಮುಂದೆ 111, ಅಂದ್ರೆ 110101111. ಇದನ್ನ ರಿಸೀವರ್ 1011ರಿಂದ ಭಾಗಿಸಿದ್ರೆ ಶೇಷ 000 ಬರತ್ತೆ, ನೀವೇ ಮಾಡಿ ನೋಡಿ.

ಈಗ ಪ್ಯಾರಿಟಿಯನ್ನ ಯಾಮಾರಿಸಿದ ತಪ್ಪನ್ನೇ ಇದಕ್ಕೂ ಕೊಡೋಣ. ಎಡದಿಂದ ಮೂರನೇ ಮತ್ತು ನಾಲ್ಕನೇ ಬಿಟ್ ತಿರುಗಿಸಿ, 110101111 ಇದ್ದದ್ದು 111001111 ಆಯ್ತು. ಒಟ್ಟು 1ಗಳು ಮೊದಲೂ ಏಳು, ಈಗಲೂ ಏಳು, ಪ್ಯಾರಿಟಿಗೆ ವ್ಯತ್ಯಾಸ ಗೊತ್ತಾಗಲ್ಲ. ಭಾಗಾಕಾರ ಮಾಡಿದ್ರೆ ಶೇಷ 010 ಬರತ್ತೆ, ಸೊನ್ನೆ ಅಲ್ಲ, ಸಿಕ್ಕಿಬಿತ್ತು.

ಯಾಕೆ ಸಿಕ್ಕಿಬಿತ್ತು ಅನ್ನೋದೇ ನೀವು ಕೇಳಿದ್ದು. ಸಾಲ ಇಲ್ಲದ ಭಾಗಾಕಾರದ ಲಾಭ ಇಲ್ಲೇ ಕಾಣೋದು. ಬರೀ ಒಂದು 1 ಇರೋ ಸಂಖ್ಯೆಗಳನ್ನ 1011ರಿಂದ ಭಾಗಿಸ್ತಾ ಹೋಗಿ, ಬಲತುದಿಯ ಬಿಟ್ ಒಂದೇ 1 ಆಗಿದ್ರೆ ಶೇಷ 001, ಅದರ ಎಡಗಡೆಯದು 1 ಆಗಿದ್ರೆ 010, ಹಾಗೇ ಮುಂದೆ:

```
ಬಲದಿಂದ ಜಾಗ:  1    2    3    4    5    6    7    8    9
ಶೇಷ:         001  010  100  011  110  111  101  001  010
```

ಅಂದ್ರೆ ಪ್ರತಿ ಜಾಗಕ್ಕೂ ಅದರದೇ ಒಂದು ಶೇಷ ಇದೆ. ಕಳಿಸಿದ ಸಂಖ್ಯೆಯ ಶೇಷ ಸೊನ್ನೆ ಆಗಿರೋದರಿಂದ, ಬಂದ ಸಂಖ್ಯೆಯ ಶೇಷ ಅಂದ್ರೆ ತಿರುಗಿದ ಬಿಟ್‌ಗಳ ಶೇಷಗಳ ಎಕ್ಸಾರ್, ಅಷ್ಟೇ. ಡೇಟಾ ಏನಿತ್ತು ಅನ್ನೋದು ಲೆಕ್ಕಕ್ಕೇ ಬರಲ್ಲ. ನಾವು ತಿರುಗಿಸಿದ್ದು ಬಲದಿಂದ 7 ಮತ್ತು 6ನೇ ಜಾಗ, 101 ಮತ್ತು 111 ಎಕ್ಸಾರ್ ಮಾಡಿದ್ರೆ 010, ಭಾಗಾಕಾರದಲ್ಲಿ ಬಂದದ್ದೂ ಅದೇ. ಒಂದು ಬಿಟ್ ತಿರುಗಿದ್ರೆ ಶೇಷ ಸೊನ್ನೆ ಆಗೋಕೆ ಸಾಧ್ಯವೇ ಇಲ್ಲ, ಯಾಕಂದ್ರೆ ಪಟ್ಟಿಯಲ್ಲಿ 000 ಇಲ್ಲ. ಎರಡು ಬಿಟ್ ತಿರುಗಿ ತಪ್ಪಿಸ್ಕೊಳ್ಬೇಕು ಅಂದ್ರೆ ಎರಡೂ ಜಾಗದ ಶೇಷ ಒಂದೇ ಆಗಿರ್ಬೇಕು.

ಪಟ್ಟಿಯನ್ನ ಇನ್ನೊಂದ್ಸಲ ನೋಡಿ, ಒಂದೇ ಆಗಿರೋದು ಇದೆ! ಮೂರು ಬಿಟ್‌ನಲ್ಲಿ ಸೊನ್ನೆ ಬಿಟ್ರೆ ಏಳೇ ಶೇಷ ಸಾಧ್ಯ, ಹಾಗಾಗಿ ಏಳು ಜಾಗ ಆದ್ಮೇಲೆ ಮತ್ತೆ ಮೊದಲಿಂದ ಶುರು ಆಗತ್ತೆ. 2ನೇ ಜಾಗ ಮತ್ತು 9ನೇ ಜಾಗ ಎರಡಕ್ಕೂ 010. ಆ ಎರಡೂ ಬಿಟ್ ತಿರುಗಿದ್ರೆ 110101111 ಹೋಗಿ 010101101 ಆಗತ್ತೆ, ಅದನ್ನ ಭಾಗಿಸಿದ್ರೆ ಶೇಷ 000, ತಪ್ಪು ಡೇಟಾ ಸರಿ ಅಂತ ಒಳಗೆ ಹೋಯ್ತು. ಅಂದ್ರೆ 1011 ಅನ್ನೋ ಭಾಜಕ ಡೇಟಾ ಶೇಷ ಎರಡೂ ಸೇರಿ ಏಳು ಬಿಟ್ ಒಳಗೆ ಇದ್ರೆ ಮಾತ್ರ ಯಾವ ಎರಡು ಬಿಟ್ ತಪ್ಪಾದ್ರೂ ಹಿಡಿಯತ್ತೆ, ಅದಕ್ಕಿಂತ ಉದ್ದ ಆದ್ರೆ ತೂತು ಬೀಳತ್ತೆ. ಸಿಆರ್‌ಸಿ ಇದೆ ಅಂದ್ರೆ ಸಾಕಾಗಲ್ಲ, ಎಷ್ಟು ಉದ್ದದ ಮೆಸೇಜ್‌ಗೆ ಯಾವ ಭಾಜಕ ಅಂತ ಕೇಳ್ಬೇಕು, ಈ ಪ್ರಶ್ನೆಯನ್ನ ಪಾಠದಲ್ಲಿ ಹೇಳ್ಕೊಡೋದು ಕಮ್ಮಿ, ನನಗೆ ಅದು ಬೇಜಾರಿನ ವಿಷಯ.

ಸರಿ, ಮಾಡ್‌ಬಸ್‌ನಲ್ಲಿ ಇರೋ ಭಾಜಕ 17 ಬಿಟ್‌ನದು, 11000000000000101, ಇದನ್ನ ಮೊದಲ 1 ಬಿಟ್ಟು `0x8005` ಅಂತ ಬರೀತಾರೆ. ಇದರ ಶೇಷಗಳ ಪಟ್ಟಿ ಮತ್ತೆ ಮೊದಲಿಂದ ಶುರು ಆಗೋದು 32767 ಜಾಗ ಆದ್ಮೇಲೆ. ಮಾಡ್‌ಬಸ್ ಆರ್‌ಟಿಯು ಮೆಸೇಜ್ ಹೆಚ್ಚಂದ್ರೆ 256 ಬೈಟ್, ಅಂದ್ರೆ 2048 ಬಿಟ್. ಹಾಗಾಗಿ ಒಂದು ಮೆಸೇಜ್ ಒಳಗೆ ಎಲ್ಲೇ ಎರಡು ಬಿಟ್ ತಿರುಗಿದ್ರೂ ಅದು ತಪ್ಪಿಸ್ಕೊಳ್ಳಲ್ಲ, 434.9 ವೋಲ್ಟ್ ಕಥೆ ಅಲ್ಲೇ ಮುಗೀತು.

ಸಾಲಾಗಿ ಕೆಡೋದನ್ನೂ ಇದೇ ಲೆಕ್ಕದಲ್ಲಿ ನೋಡಿ. ಮೊದಲ ಕೆಟ್ಟ ಬಿಟ್‌ನಿಂದ ಕೊನೇ ಕೆಟ್ಟ ಬಿಟ್‌ವರೆಗಿನ ಉದ್ದ ಭಾಜಕಕ್ಕಿಂತ ಕಮ್ಮಿ ಇದ್ರೆ ಆ ತಪ್ಪಿನ ನಕ್ಷೆ ಭಾಜಕದಿಂದ ಪೂರ್ತಿ ಭಾಗ ಹೋಗೋಕೇ ಆಗಲ್ಲ, ಹಾಗಾಗಿ 16 ಬಿಟ್ ಒಳಗಿನ ಯಾವ ಬರ್ಸ್ಟ್ ಆದ್ರೂ ಖಂಡಿತ ಸಿಗತ್ತೆ. ನಾನು ಮೇಲೆ ಹೇಳಿದ ಒಂದು ಮಿಲಿಸೆಕೆಂಡ್ ಗಲಾಟೆ 9600 ಬಾಡ್‌ನಲ್ಲಿ ಈ ಮಿತಿಯ ಒಳಗೇ ಬರತ್ತೆ. ಅದಕ್ಕಿಂತ ತುಂಬಾ ಉದ್ದ ಕೆಟ್ಟು ಪೂರ್ತಿ ಕಲಸಿಹೋದ್ರೆ ಗ್ಯಾರಂಟಿ ಇಲ್ಲ, ಬರೀ ಅದೃಷ್ಟದ ಲೆಕ್ಕ, 65536ರಲ್ಲಿ ಒಂದು ಸಲ ಆಕಸ್ಮಿಕವಾಗಿ ಶೇಷ ಸೊನ್ನೆ ಬರಬಹುದು. ಒಂದು ದಿನಕ್ಕೆ 86,400 ಸೆಕೆಂಡ್, ಸೆಕೆಂಡಿಗೊಂದು ಮೆಸೇಜ್ ಪೂರ್ತಿ ಹಾಳಾಗಿ ಬರ್ತಿರೋ ಲೈನ್‌ನಲ್ಲಿ ದಿನಕ್ಕೆ ಸುಮಾರು ಒಂದು ಸುಳ್ಳು ಮೆಸೇಜ್ ಸಿಆರ್‌ಸಿ ದಾಟಬಹುದು ಅಂತ ಆಯ್ತು. ಮೀಟರ್ ವಿಳಾಸ, ಫಂಕ್ಷನ್ ಕೋಡ್, ಉದ್ದ ಇವನ್ನೂ ಸಾಫ್ಟ್‌ವೇರ್ ಚೆಕ್ ಮಾಡೋದ್ರಿಂದ ನಿಜವಾಗಿ ಇನ್ನೂ ಕಮ್ಮಿ ಆಗತ್ತೆ, ಆದ್ರೂ ಸಿಆರ್‌ಸಿ ಫೇಲ್ ಎಷ್ಟು ಆಗ್ತಿದೆ ಅನ್ನೋ ಕೌಂಟರ್ ಇಟ್ಕೊಳ್ಳಿ, ಅದು ಏರ್ತಾ ಇದ್ರೆ ವೈರಿಂಗ್ ಸರಿ ಮಾಡ್ಬೇಕೇ ಹೊರತು ಸಿಆರ್‌ಸಿ ನೋಡ್ಕೊಳ್ಳತ್ತೆ ಅಂತ ಬಿಡಬಾರ್ದು.

ಇನ್ನೊಂದು ಚೆಂದದ ವಿಷಯ ಹೇಳ್ಬೇಕು. ಪ್ಯಾರಿಟಿ ಅನ್ನೋದು ಬೇರೆ ಜಾತಿಯ ವಿಧಾನ ಅಲ್ಲವೇ ಅಲ್ಲ, ಅದು 11 ಅನ್ನೋ ಎರಡೇ ಬಿಟ್‌ನ ಭಾಜಕ ಇಟ್ಕೊಂಡ ಸಿಆರ್‌ಸಿ. ಭಾಜಕ 11 ಆದ್ರೆ ಶೇಷ ಒಂದೇ ಬಿಟ್, ಎಲ್ಲಾ ಜಾಗದ ಶೇಷವೂ 1 ಆಗತ್ತೆ, ಹಾಗಾಗಿ ಒಟ್ಟು ಶೇಷ ಅಂದ್ರೆ 1ಗಳ ಸಂಖ್ಯೆ ಸಮನೋ ಬೆಸನೋ ಅನ್ನೋದು. ನಮ್ಮ 110101 ಮುಂದೆ ಒಂದು ಸೊನ್ನೆ ಹಾಕಿ 11ರಿಂದ ಭಾಗಿಸಿ ನೋಡಿ, ಶೇಷ 0 ಬರತ್ತೆ, ಅದರಲ್ಲಿರೋ 1ಗಳು ನಾಲ್ಕು, ಈವನ್ ಪ್ಯಾರಿಟಿ ಬಿಟ್ಟೂ 0. ಪ್ಯಾರಿಟಿ ಎರಡು ಬಿಟ್ ತಪ್ಪನ್ನ ಯಾಕೆ ಹಿಡಿಯಲ್ಲ ಅನ್ನೋದಕ್ಕೂ ಇಲ್ಲೇ ಉತ್ತರ ಸಿಕ್ತು, ಎಲ್ಲಾ ಜಾಗದ ಶೇಷವೂ ಒಂದೇ ಆದ್ರೆ ಯಾವ ಎರಡು ತಿರುಗಿದ್ರೂ ಒಂದನ್ನೊಂದು ಹೊಡೆದು ಹಾಕ್ತವೆ. ಮತ್ತೆ ಮಾಡ್‌ಬಸ್‌ನ 17 ಬಿಟ್ ಭಾಜಕದಲ್ಲಿ 1ಗಳನ್ನ ಎಣಿಸಿ, ನಾಲ್ಕಿದೆ, ಸಮ ಸಂಖ್ಯೆ. ಅದರ ಅರ್ಥ ಆ ಭಾಜಕವೇ 11ರಿಂದ ಪೂರ್ತಿ ಭಾಗ ಹೋಗತ್ತೆ, ಅಂದ್ರೆ ಸಿಆರ್‌ಸಿ ಒಳಗೇ ಪೂರ್ತಿ ಮೆಸೇಜಿನ ಪ್ಯಾರಿಟಿ ಚೆಕ್ ಕೂತಿದೆ, ಬೆಸ ಸಂಖ್ಯೆಯ ಬಿಟ್ ತಪ್ಪುಗಳೆಲ್ಲಾ ಅದಕ್ಕೆ ಸಿಗ್ತವೆ. ನಮ್ಮ ಪುಟ್ಟ 1011ರಲ್ಲಿ ಮೂರು 1 ಇದೆ, ಅದಕ್ಕೆ ಈ ಶಕ್ತಿ ಇಲ್ಲ, ಮೂರು ಬಿಟ್ 1011 ಆಕಾರದಲ್ಲೇ ತಿರುಗಿದ್ರೆ ತಪ್ಪಿಸ್ಕೊಳ್ಳತ್ತೆ.

ಹಾಗಾದ್ರೆ ಪ್ಯಾರಿಟಿ ಯಾಕೆ ಇಟ್ಟಿದಾರೆ? ಅದು ಬೈಟ್‌ಗಳನ್ನ ಒಂದೊಂದೇ ಬಿಟ್ ಆಗಿ ಲೈನ್ ಮೇಲೆ ಕಳಿಸಿ ತಗೊಳ್ಳೋ ಯುಆರ್ಟ್ ಚಿಪ್ ಮಟ್ಟದ ಕೆಲಸ, ಬೈಟ್ ಬಂದ ತಕ್ಷಣ ಹಾರ್ಡ್‌ವೇರ್ ಹೇಳತ್ತೆ, ಖರ್ಚು ಬೈಟಿಗೆ ಒಂದು ಬಿಟ್. ಸಿಆರ್‌ಸಿ ಗೊತ್ತಾಗೋದು ಪೂರ್ತಿ ಮೆಸೇಜ್ ಬಂದ್ಮೇಲೆ. ಮಾಡ್‌ಬಸ್ ಬಂದದ್ದು 1979ರಲ್ಲಿ, ಮೋಡಿಕಾನ್ ಕಂಪನಿಯ ಪಿಎಲ್‌ಸಿಗಳಿಗೆ, ಆಗ ಸೀರಿಯಲ್ ಲೈನ್ ಅಂದ್ರೆ ಪ್ಯಾರಿಟಿ ಜೊತೆಗೇ ಬರ್ತಿತ್ತು, ಇವತ್ತಿಗೂ ಸ್ಪೆಸಿಫಿಕೇಶನ್‌ನಲ್ಲಿ ಡಿಫಾಲ್ಟ್ ಈವನ್ ಪ್ಯಾರಿಟಿನೇ.

ಸಿಆರ್‌ಸಿ ಕೋಡ್ ನೀವೇ ಬರೀತೀರಾದ್ರೆ ಇಷ್ಟೇ:

```c
uint16_t crc16(const uint8_t *p, int n)
{
    uint16_t crc = 0xFFFF;
    while (n--) {
        crc ^= *p++;
        for (int i = 0; i < 8; i++)
            crc = (crc & 1) ? (crc >> 1) ^ 0xA001
                            : (crc >> 1);
    }
    return crc;
}
```

ಇದರಲ್ಲಿ `0x8005` ಎಲ್ಲೂ ಕಾಣಲ್ಲ, `0xA001` ಇದೆ, ಅದು ಅದೇ ಭಾಜಕ ಕನ್ನಡಿಯಲ್ಲಿ ನೋಡಿದ ಹಾಗೆ ಹಿಂದುಮುಂದು. ಯುಆರ್ಟ್ ಲೈನ್ ಮೇಲೆ ಪ್ರತಿ ಬೈಟ್‌ನ ಬಲತುದಿಯ ಬಿಟ್ ಮೊದಲು ಕಳಿಸತ್ತೆ, ಹಾಗಾಗಿ ಭಾಗಾಕಾರವೂ ಅದೇ ಕ್ರಮದಲ್ಲಿ ನಡೀಲಿ ಅಂತ ಬಲಕ್ಕೆ ಶಿಫ್ಟ್ ಮಾಡ್ತೀವಿ, ಆಗಲೇ 16 ಬಿಟ್ ಬರ್ಸ್ಟ್ ಗ್ಯಾರಂಟಿ ಲೈನ್ ಮೇಲಿನ ಬರ್ಸ್ಟ್‌ಗೂ ಸಲ್ಲೋದು. ಶುರುವಿನ `0xFFFF` ಯಾಕಂದ್ರೆ, ಸೊನ್ನೆಯಿಂದ ಶುರು ಮಾಡಿದ್ರೆ ಮೆಸೇಜಿನ ಶುರುವಿನಲ್ಲಿ ಎಷ್ಟು ಸೊನ್ನೆ ಸೇರಿದ್ರೂ ಹೋದ್ರೂ ಶೇಷ ಬದಲಾಗಲ್ಲ, 007 ಅನ್ನೋದೂ 7 ಅನ್ನೋದೂ ಭಾಗಾಕಾರಕ್ಕೆ ಒಂದೇ ಅಲ್ವಾ, ಆ ತೂತು ಮುಚ್ಚೋಕೆ.

ಚೆಕ್ ಮಾಡೋಕೆ `01 03 00 00 00 01` ಕೊಡಿ, ಉತ್ತರ `0x0A84` ಬರ್ಬೇಕು, ಲೈನ್ ಮೇಲೆ ಚಿಕ್ಕ ಬೈಟ್ ಮೊದಲು, ಅಂದ್ರೆ `84 0A`. ಆ ಎರಡೂ ಬೈಟ್ ಸೇರಿಸಿ ಎಂಟೂ ಬೈಟನ್ನ ಅದೇ ಫಂಕ್ಷನ್‌ಗೆ ಕೊಟ್ರೆ ಸೊನ್ನೆ ಬರತ್ತೆ, ನಾವು ಪೇಪರ್ ಮೇಲೆ ಮಾಡಿದ ಹಾಗೇ. ಆನ್‌ಲೈನ್ ಕ್ಯಾಲ್ಕುಲೇಟರ್‌ನಲ್ಲಿ ಬೇರೆ ಉತ್ತರ ಬಂತು ಅಂತ ತುಂಬಾ ಜನ ಗಾಬರಿ ಆಗ್ತಾರೆ, ಸಿಆರ್‌ಸಿ-16 ಅನ್ನೋ ಹೆಸರಲ್ಲಿ ಹತ್ತಾರು ತರ ಇದೆ. `123456789` ಅನ್ನೋ ಅಕ್ಷರಗಳನ್ನ ಕೊಟ್ಟು ನೋಡಿ, `4B37` ಬಂದ್ರೆ ಅದು ಮಾಡ್‌ಬಸ್‌ನದು, `BB3D` ಬಂದ್ರೆ ಭಾಜಕ ಅದೇ ಆದ್ರೆ ಶುರು ಸೊನ್ನೆಯಿಂದ, `29B1` ಬಂದ್ರೆ ಭಾಜಕವೇ ಬೇರೆ.

ಸೈಟಲ್ಲಿ ಸಿಆರ್‌ಸಿ ಎರರ್ ಬರ್ತಿದ್ರೆ ಮೊದಲು ನೋಡ್ಬೇಕಾಗಿರೋದು ಪ್ರತಿ ಸಲ ಬರ್ತಿದ್ಯಾ ಆಗೊಮ್ಮೆ ಈಗೊಮ್ಮೆನಾ ಅಂತ. ಒಂದೂ ಬಿಡದೆ ಎಲ್ಲಾ ಮೆಸೇಜೂ ಫೇಲ್ ಆದ್ರೆ ಲೈನ್ ತಪ್ಪಿರೋದು ಕಮ್ಮಿ, ಹೆಚ್ಚಾಗಿ ನಿಮ್ಮ ಲೆಕ್ಕದಲ್ಲಿ ಬೈಟ್ ಕ್ರಮ ಅಥವಾ ಶುರುವಿನ ಬೆಲೆ ತಪ್ಪಿರತ್ತೆ. ಮೋಟರ್ ಓಡುವಾಗ ಮಾತ್ರ ಬಂದ್ರೆ ಅದು ನಾಯ್ಸ್, ಶೀಲ್ಡ್, ಕೇಬಲ್ ಹೋದ ದಾರಿ, ಎರಡೂ ತುದಿಯ 120 ಓಮ್ ರೆಸಿಸ್ಟರ್ ನೋಡಿ. ಒಂದು ವಿಷಯ, ಮೀಟರ್‌ಗೆ ಹೋದ ಪ್ರಶ್ನೆಯೇ ಕೆಟ್ಟಿದ್ರೆ ಮೀಟರ್ ಎರರ್ ಅಂತ ಉತ್ತರ ಕೊಡಲ್ಲ, ಸುಮ್ಮನೆ ಇರತ್ತೆ, ನಿಮಗೆ ಕಾಣೋದು ಟೈಮ್‌ಔಟ್. ಹಾಗಾಗಿ ಟೈಮ್‌ಔಟ್‌ಗಳನ್ನೂ ಇದೇ ಲೆಕ್ಕಕ್ಕೆ ಸೇರಿಸ್ಕೊಳ್ಳಿ.

ಪ್ಯಾರಿಟಿ ಆಫ್ ಮಾಡಬಹುದು, ಸಿಆರ್‌ಸಿ ಇರೋವರೆಗೆ ಡೇಟಾ ವಿಷಯದಲ್ಲಿ ನೀವು ಕಳ್ಕೊಳ್ಳೋದು ತೀರಾ ಕಮ್ಮಿ. ಆದ್ರೆ ಲೈನ್ ಮೇಲಿರೋ ಎಲ್ಲಾ ಮೀಟರ್‌ನಲ್ಲೂ, ಮಾಸ್ಟರ್‌ನಲ್ಲೂ ಒಟ್ಟಿಗೆ ಬದಲಾಯಿಸ್ಬೇಕು. ಮೀಟರ್ `8E1`ನಲ್ಲೇ, ಅಂದ್ರೆ 8 ಡೇಟಾ ಬಿಟ್, ಈವನ್ ಪ್ಯಾರಿಟಿ, 1 ಸ್ಟಾಪ್ ಬಿಟ್‌ನಲ್ಲೇ ಇದ್ದು ಮಾಸ್ಟರ್ ಒಂದೇ ಪ್ಯಾರಿಟಿ ಇಲ್ಲದ `8N1` ಆದ್ರೆ, ನಿಮ್ಮ ಪ್ರಶ್ನೆಯ ಸ್ಟಾಪ್ ಬಿಟ್ಟನ್ನ ಮೀಟರ್ ಪ್ಯಾರಿಟಿ ಅಂತ ಓದತ್ತೆ, ಮುಂದಿನ ಬೈಟಿನ ಸ್ಟಾರ್ಟ್ ಬಿಟ್ಟನ್ನ ಸ್ಟಾಪ್ ಅಂತ ಓದೋಕೆ ಹೋಗಿ ಫ್ರೇಮಿಂಗ್ ಎರರ್ ಆಗತ್ತೆ, ಉತ್ತರವೇ ಬರಲ್ಲ. ಪೂರ್ತಿ `8E1`ನಲ್ಲಿ ಓಡ್ತಿರೋ ಲೈನನ್ನ `8N1` ಅಂತ ಇಟ್ಟು ಸುಮ್ಮನೆ ಕೇಳ್ತಾ ಕೂತ್ರೆ ಇನ್ನೂ ವಿಚಿತ್ರ, 1ಗಳು ಬೆಸ ಇರೋ ಬೈಟ್‌ಗಳು ಸರಿಯಾಗಿ ಬರ್ತವೆ, ಸಮ ಇರೋವು ಫ್ರೇಮಿಂಗ್ ಎರರ್ ಕೊಡ್ತವೆ, ಹಾಗೆ ಅರ್ಧಂಬರ್ಧ ಬೈಟ್ ಕಂಡ್ರೆ ಕೇಬಲ್ ಬಿಚ್ಚೋಕೆ ಹೋಗ್ಬೇಡಿ, ಪ್ಯಾರಿಟಿ ಸೆಟ್ಟಿಂಗ್ ನೋಡಿ. ಪ್ಯಾರಿಟಿ ತೆಗೆದ್ರೆ ಆ ಜಾಗಕ್ಕೆ ಎರಡನೇ ಸ್ಟಾಪ್ ಬಿಟ್ ಹಾಕಿ `8N2` ಮಾಡಿ ಅಂತ ಸ್ಪೆಸಿಫಿಕೇಶನ್ ಹೇಳತ್ತೆ, ಬೈಟಿಗೆ 11 ಬಿಟ್ ಲೆಕ್ಕ ಹಾಗೇ ಉಳೀಲಿ ಅಂತ. ನಿಮ್ಮ ಮೀಟರ್ ಮೆನುವಿನಲ್ಲಿ `8N2` ಇದ್ರೆ ಅದನ್ನೇ ಇಡಿ, ಬರೀ `8N1` ಇದ್ರೆ ಎಲ್ಲಾ ಕಡೆ `8N1` ಇಟ್ರೂ ನಡೆಯತ್ತೆ.